ಒಂದು ವರ್ಷದ ಹೊಣೆಯಲ್ಲಿ ಏನೇನು ಸೇರಿದೆ?

ಕೇಂದ್ರ ಸರ್ಕಾರದ ಕಾಮಗಾರಿ ಕಚೇರಿಯೊಂದರ ಪತ್ರವ್ಯವಹಾರದ ಮೇಜಿನಲ್ಲಿ ಕುಳಿತು ನಮಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷಗಳಾದವು. ನಾವು ಎಂಜಿನಿಯರಲ್ಲ. ಇಂಗ್ಲಿಷ್ ಎಂ.ಎ. ಮಾಡಿಕೊಂಡು ಮುಂಬಯಿಗೆ ಬಂದವರು. ಎಂಜಿನಿಯರುಗಳು ನೋಡಿ ಹೇಳಿದ್ದನ್ನು ಕಾಗದಕ್ಕೆ ಇಳಿಸುವುದು ನಮ್ಮ ಕೆಲಸ. ಇತರ ಇಲಾಖೆಗಳು ಹಣ ಕೊಡುತ್ತವೆ, ನಮ್ಮ ಕಚೇರಿ ಗುತ್ತಿಗೆದಾರನನ್ನು ಗೊತ್ತುಮಾಡಿ ಅವರಿಗೆ ಕಟ್ಟಡ ಕಟ್ಟಿಸಿಯೋ ದುರಸ್ತಿ ಮಾಡಿಸಿಯೋ ಒಪ್ಪಿಸುತ್ತದೆ. ಈ ಇಲಾಖೆಗಳನ್ನು ನಾವು 'ಕ್ಲೈಂಟ್' ಎಂದೇ ಕರೆಯುವುದು ವಾಡಿಕೆ. ಸರ್ಕಾರದ ಒಂದು ಅಂಗ ಇನ್ನೊಂದು ಅಂಗಕ್ಕೆ ಕ್ಲೈಂಟ್ ಆಗುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಜಗಳದ ವಿಷಯದಲ್ಲಿ ನಾವು ಖಾಸಗಿಯವರಿಗೆ ಎಳ್ಳಷ್ಟೂ ಕಡಿಮೆಯಿಲ್ಲ.

ಈ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೇ ಒಂದು ಮಾತಿನಿಂದ. ಅದು 'ಒಂದು ವರ್ಷದ ಹೊಣೆ'. ಕಾಮಗಾರಿಯ ಕರಾರುಗಳಲ್ಲಿ 'ಡಿಫೆಕ್ಟ್ ಲಯಬಿಲಿಟಿ ಪೀರಿಯಡ್' ಎಂಬ ಷರತ್ತಿರುತ್ತದೆ. ದೋಷ ಹೊಣೆಗಾರಿಕೆಯ ಅವಧಿ ಎನ್ನೋಣ. ಸಾಮಾನ್ಯವಾಗಿ ಅದು ಹನ್ನೆರಡು ತಿಂಗಳು. ಆ ಅವಧಿಯಲ್ಲಿ ಕಳಪೆ ಸಾಮಗ್ರಿಯಿಂದ ಅಥವಾ ಕೆಲಸದ ಲೋಪದಿಂದ ಏನಾದರೂ ಕೆಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಅದಕ್ಕಾಗಿ ಅವನ ಬಿಲ್ಲಿನಲ್ಲಿ ಒಂದಿಷ್ಟು ಹಣವನ್ನು ಭದ್ರತಾ ಠೇವಣಿಯಾಗಿ ಹಿಡಿದಿಟ್ಟಿರುತ್ತೇವೆ. ಷರತ್ತು ಹೇಳುವುದು ಇಷ್ಟೇ. ಆದರೆ ಕ್ಲೈಂಟ್ ಇದನ್ನು ಫ್ರಿಜ್ಜು, ಮಿಕ್ಸಿಗಳ ಜೊತೆ ಬರುವ ಗ್ಯಾರಂಟಿ ಕಾರ್ಡಿನಂತೆ ಓದಿಕೊಳ್ಳುತ್ತಾರೆ: ಒಂದು ವರ್ಷದೊಳಗೆ ಏನೇ ಕೆಟ್ಟರೂ, ಹೇಗೇ ಕೆಟ್ಟರೂ, ಪುಕ್ಕಟೆ. ಈ ಓದು ತಪ್ಪು, ಅಸಹಜವಲ್ಲ. ಅದನ್ನು ತಿದ್ದುವುದು ಹೇಗೆ ಎಂಬ ಬಗ್ಗೆ ನಮಗೊಂದು ಅಭಿಪ್ರಾಯವಿದೆ. ನಮ್ಮ ಕಚೇರಿಯ ಹಿರಿಯರು ಹಲವರು ಅದನ್ನು ಒಪ್ಪುವುದಿಲ್ಲ.

ಒಂದು ನಿದರ್ಶನದಿಂದಲೇ ಹೇಳುತ್ತೇವೆ. ಹಳೆಯ ಕಟ್ಟಡವೊಂದರ ಒಂದು ಅಂತಸ್ತನ್ನು ನವೀಕರಿಸಿ ಕ್ಲೈಂಟ್ ಕಚೇರಿಗೆ ಒಪ್ಪಿಸಿದ್ದೆವು. ಕೆಲಸ ಮುಗಿದದ್ದು ಅಕ್ಟೋಬರ್ 31ಕ್ಕೆ. ಅವರ ಮೇಜು ಕುರ್ಚಿಗಳು ಬರುವುದು ತಡವಾಗಿ, ಅವರು ಬಂದು ಕುಳಿತದ್ದು ಡಿಸೆಂಬರ್ 20ಕ್ಕೆ. ಮುಂದಿನ ಜುಲೈನಲ್ಲಿ, ಮುಂಬಯಿಯ ಮಳೆ ತನ್ನ ಪೂರ್ಣ ಪ್ರತಾಪದಲ್ಲಿದ್ದಾಗ, ಒಂದು ಪತ್ರ ಬಂತು. ಅದರಲ್ಲಿ ಒಂಬತ್ತು ದೂರುಗಳು. ಶೌಚಾಲಯದ ಕೆಳಗಿನ ಅಂತಸ್ತಿನ ಚಾವಣಿಯಲ್ಲಿ ತೇವ. ಎರಡು ಬಾಗಿಲುಗಳು ಮುಚ್ಚಿಕೊಳ್ಳುತ್ತಿಲ್ಲ. ಓಣಿಯಲ್ಲಿ ನಾಲ್ಕು ಟೈಲುಗಳು ಅಲುಗಾಡುತ್ತಿವೆ. ಮೂರು ಎಲ್‌ಇಡಿ ದೀಪಗಳು ಹೋಗಿವೆ. ಚಹದ ಕೋಣೆಯ ಸಿಂಕು ಕಟ್ಟಿಕೊಂಡಿದೆ. ಒಂದು ಕಿಟಕಿಯ ಗಾಜು ಒಡೆದಿದೆ. ಸೂಚನಾಪತ್ರಗಳನ್ನು ಅಂಟಿಸಿದ ಟೇಪು ಕಿತ್ತಾಗ ಗೋಡೆಯ ಬಣ್ಣವೂ ಕಿತ್ತುಬಂದಿದೆ. ಪ್ರಿಂಟರುಗಳಿಗೆ ಇನ್ನೂ ನಾಲ್ಕು ಪ್ಲಗ್ ಪಾಯಿಂಟುಗಳು ಬೇಕು. ಕಪಾಟುಗಳ ಬೀಗಗಳು ಕೆಲಸ ಮಾಡುತ್ತಿಲ್ಲ. ಕೊನೆಯ ಸಾಲು: 'ಡಿಸೆಂಬರ್ 20ರವರೆಗೆ ಎಲ್ಲವೂ ಗುತ್ತಿಗೆದಾರನ ಹೊಣೆಯಾಗಿರುವುದರಿಂದ ಕೂಡಲೇ ಸರಿಪಡಿಸತಕ್ಕದ್ದು.'

ನಮ್ಮ ಸಹೋದ್ಯೋಗಿಯೊಬ್ಬರು ಆ ಮಧ್ಯಾಹ್ನವೇ ಉತ್ತರದ ಕರಡು ಬರೆದು ತಂದರು. ಇಂಗ್ಲಿಷಿನಲ್ಲಿದ್ದ ಅದರ ಸಾರ ಹೀಗಿತ್ತು: ತಮ್ಮ ಪತ್ರವು ಕರಾರಿನ ತಪ್ಪು ತಿಳಿವಳಿಕೆಯಿಂದ ಕೂಡಿದೆ, ಇಂತಿಂಥ ಷರತ್ತಿನ ಪ್ರಕಾರ ಗುತ್ತಿಗೆದಾರನ ಹೊಣೆ ದೋಷಗಳಿಗೆ ಮಾತ್ರ ಸೀಮಿತವೆಂದು ಮತ್ತೊಮ್ಮೆ ಗಮನಕ್ಕೆ ತರಲಾಗುತ್ತಿದೆ, ಅವಧಿಯು ಅಕ್ಟೋಬರ್ 31ಕ್ಕೇ ಮುಗಿಯುತ್ತದೆ, ದೂರುಗಳಲ್ಲಿ ಐದು ವ್ಯಾಪ್ತಿಗೆ ಬರುವುದಿಲ್ಲ. ಕೆಳಗೆ 'ಪ್ರತಿ' ಎಂದು ಬರೆದು ಕ್ಲೈಂಟ್ ಕಚೇರಿಯ ಮುಖ್ಯಸ್ಥರಿಗೂ ನಮ್ಮ ಮೇಲಧಿಕಾರಿಗೂ ಕಳಿಸುವ ಸೂಚನೆ. ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೂ ಅದನ್ನು ಕಳಿಸಬಾರದೆಂದು ನಾವು ಹಟ ಹಿಡಿದೆವು.

ಹಟಕ್ಕೆ ಹಿನ್ನೆಲೆಯಿತ್ತು. ಹತ್ತು ಹನ್ನೆರಡು ವರ್ಷಗಳ ಹಿಂದೆ ಇಂಥದೇ ಒಂದು ಪತ್ರವನ್ನು ನಾವೇ ಬರೆದಿದ್ದೆವು, ಇಂಥದೇ 'ಪ್ರತಿ'ಗಳೊಡನೆ. ದೂರು ಬರೆದಿದ್ದ ಅಧಿಕಾರಿ ನಿವೃತ್ತಿಗೆ ಹತ್ತಿರವಾಗಿದ್ದವರು. ತಮ್ಮ ತಪ್ಪನ್ನು ತಮ್ಮ ಮೇಲಧಿಕಾರಿಯ ಕಡತದಲ್ಲಿ ಓದಬೇಕಾಗಿ ಬಂದದ್ದನ್ನು ಅವರು ಕ್ಷಮಿಸಲಿಲ್ಲ. ನಮ್ಮ ವಾಕ್ಯವೊಂದಕ್ಕೆ ಅವರು ನಾಲ್ಕು ಪುಟದ ಉತ್ತರ ಬರೆದರು, ನಾವು ಅದಕ್ಕೆ ಆರು ಪುಟದ್ದು. ಕೊನೆಯ ಬಿಲ್ಲಿನ ಹಣ ಅವರಿಂದ ಬರುವುದು ಎರಡು ವರ್ಷ ತಡವಾಯಿತು. ಅಷ್ಟರಲ್ಲಿ ಹೊಣೆಯ ಅವಧಿ ಮುಗಿದು, ನಿಜವಾಗಿ ದೋಷವೇ ಆಗಿದ್ದ ಒಂದು ಸೋರಿಕೆಯನ್ನೂ ಯಾರೂ ಮುಟ್ಟದೆ ಬಿಟ್ಟರು. ಆ ಪತ್ರವನ್ನು ಈಗ ಓದಿದರೂ ಅದರ ಇಂಗ್ಲಿಷ್ ಸೊಗಸಾಗಿಯೇ ಇದೆ. ಅದೇ ನಮಗೆ ನಾಚಿಕೆ ತರುವ ಸಂಗತಿ.

ಅಂದಿನಿಂದ ನಾವು ಒಂದು ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುತ್ತೇವೆ: ಕ್ಲೈಂಟ್‌ನ ಕೈಯಲ್ಲಿ ಯಾವ ಕಾಗದವಿದೆ? ಗುತ್ತಿಗೆಯ ಕರಾರು ಆಗಿರುವುದು ನಮ್ಮ ಕಚೇರಿಗೂ ಗುತ್ತಿಗೆದಾರನಿಗೂ ನಡುವೆ. ಕ್ಲೈಂಟ್ ಇಲಾಖೆ ಅದರಲ್ಲಿ ಪಕ್ಷವೇ ಅಲ್ಲ. ಹೆಚ್ಚಿನ ವೇಳೆ ಅವರು ಅದನ್ನು ಕಣ್ಣಿನಿಂದ ನೋಡಿಯೂ ಇರುವುದಿಲ್ಲ. ಅವರು ನೋಡಿರುವುದು ತಾವೇ ಮಂಜೂರು ಮಾಡಿದ ಅಂದಾಜು ಪಟ್ಟಿ ಮತ್ತು ನಾವು ಕೊಟ್ಟ ಹಸ್ತಾಂತರದ ಪತ್ರ. ಈ ನಿದರ್ಶನದಲ್ಲಿ ಹಸ್ತಾಂತರದ ಪತ್ರವನ್ನು ತೆಗೆಸಿ ನೋಡಿದೆವು. 'ಕೆಲಸಕ್ಕೆ ಒಂದು ವರ್ಷದ ಹೊಣೆಗಾರಿಕೆ ಇರುತ್ತದೆ' ಎಂದಷ್ಟೇ ಬರೆದಿತ್ತು. ಯಾವುದಕ್ಕೆ, ಯಾವ ದಿನದಿಂದ ಎಂಬುದಿಲ್ಲ. ಪತ್ರದ ತಾರೀಖು ಡಿಸೆಂಬರ್ 20. ಅದನ್ನು ಓದಿದವರು ಅಲ್ಲಿಂದಲೇ ವರ್ಷ ಎಣಿಸದೆ ಇನ್ನೆಲ್ಲಿಂದ ಎಣಿಸಿಯಾರು? ಹೊಣೆಯ ಅವಧಿ ಶುರುವಾಗುವುದು ಕೆಲಸ ಮುಗಿದ ಪ್ರಮಾಣಪತ್ರದ ದಿನದಿಂದ ಎಂಬುದು ನಮಗೆ ಬಾಯಿಪಾಠ. ಅವರಿಗೆ ಅದನ್ನು ಹೇಳಿದವರೇ ಇಲ್ಲ. ತಮ್ಮ ಬಳಿ ಇಲ್ಲದ ಪುಸ್ತಕದ ಷರತ್ತಿನ ಸಂಖ್ಯೆಯನ್ನು ಎತ್ತಿ ತೋರಿಸಿದರೆ, ಮಾತು ಎಷ್ಟೇ ನಯವಾಗಿದ್ದರೂ ಓದುವವರಿಗೆ ಅದು ಗದರಿಕೆಯೇ.

ಪತ್ರ ಬರೆಯುವುದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಒಂಬತ್ತರಲ್ಲಿ ಯಾವುದು ದೋಷ, ಯಾವುದು ಅಲ್ಲ ಎಂಬುದನ್ನು ಮೇಜಿನ ಮೇಲೆ ತೀರ್ಮಾನಿಸಲಾಗದು. ನಮ್ಮ ಕಿರಿಯ ಎಂಜಿನಿಯರ್ ಒಂದು ಶುಕ್ರವಾರ ಸಂಜೆ ಅಲ್ಲಿಗೆ ಹೋದರು. ನಾವೂ ಕುತೂಹಲದಿಂದ ಜೊತೆಗೂಡಿದೆವು. ಆ ರಾತ್ರಿ ಶೌಚಾಲಯಕ್ಕೆ ಬರುವ ನೀರಿನ ವಾಲ್ವನ್ನು ಮುಚ್ಚಿಸಿದರು. ಕೊಳವೆಯೇ ಸೋರುತ್ತಿದ್ದರೆ ಬೆಳಗ್ಗೆ ಕೆಳಗಿನ ತೇವ ಕಡಿಮೆಯಾಗಬೇಕು. ಶನಿವಾರ ನೆಲದ ಜಾಲರಿಗಳನ್ನು ಬಿಗಿಯಾಗಿ ಮುಚ್ಚಿ ಸುಮಾರು ಒಂದಿಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟದ ಗುರುತು ಹಾಕಿ, 24 ಗಂಟೆ ಬಿಟ್ಟರು. ಭಾನುವಾರ ಕೆಳಗಿನ ಚಾವಣಿಯಲ್ಲಿ ತೇವದ ಕಲೆ ಅಂಗೈಯಗಲದಿಂದ ಮೊರದಗಲಕ್ಕೆ ಹರಡಿತ್ತು. ಅಲ್ಲಿಗೆ ಜಲನಿರೋಧಕ ಪದರದ ಲೋಪವೆಂಬುದು ಸ್ಪಷ್ಟ, ಗುತ್ತಿಗೆದಾರನ ಹೊಣೆ.

ಬಾಗಿಲುಗಳ ವಿಷಯ ಹೆಚ್ಚು ಸೂಕ್ಷ್ಮ. ಮಳೆಗಾಲದಲ್ಲಿ ಮರ ಉಬ್ಬುವುದು ಪ್ರಕೃತಿ, ಅದಕ್ಕೆ ಗುತ್ತಿಗೆದಾರನೇನು ಮಾಡಿಯಾನು ಎಂದು ನಾವೇ ಅಂದುಕೊಂಡಿದ್ದೆವು. ಕಿರಿಯ ಎಂಜಿನಿಯರ್ ಜೇಬಿನಿಂದ ಒಂದು ಪುಟ್ಟ ಕನ್ನಡಿ ತೆಗೆದು ಬಾಗಿಲಿನ ಕೆಳ ಅಂಚಿಗೆ ಹಿಡಿದರು. ಮುಖಗಳಿಗೆಲ್ಲ ಹೊಳೆಯುವ ಬಣ್ಣ, ಕೆಳ ಅಂಚು ಮಾತ್ರ ಬರಿಯ ಮರ. ಯಾರೂ ನೋಡದ ಆ ಅಂಚಿಗೆ ಪ್ರೈಮರು ಹಚ್ಚದೆ ಬಿಟ್ಟದ್ದರಿಂದ ತೇವ ಅಲ್ಲಿಂದಲೇ ಒಳಹೊಕ್ಕಿತ್ತು. ಇದು ಮಳೆಯ ತಪ್ಪಲ್ಲ, ಕೆಲಸದ ಲೋಪ. ಟೈಲುಗಳನ್ನು ಮರದ ಹಿಡಿಯಿಂದ ತಟ್ಟಿದಾಗ ನಾಲ್ಕಲ್ಲ, ಏಳು ಟೊಳ್ಳು ಸದ್ದು ಮಾಡಿದವು. ಕೆಳಗೆ ಗಾರೆ ಪೂರ್ತಿ ತುಂಬಿರಲಿಲ್ಲ.

ದೀಪಗಳಿಗೆ ತಯಾರಕರ ವಾರಂಟಿ ಬೇರೆಯಾಗಿ ಇತ್ತು. ಅದು ಗುತ್ತಿಗೆದಾರನ ಮೂಲಕವೇ ಬದಲಾಗಿ ಬರಬೇಕು. ಉಳಿದ ಐದರಲ್ಲಿ ಯಾವುದೂ ದೋಷವಲ್ಲ. ಸಿಂಕಿನ ಕೊಳವೆಯಿಂದ ಒಂದು ಬೊಗಸೆ ಚಹದ ಚರಟ ಹೊರಬಂತು. ಗಾಜು ಒಡೆದದ್ದು ಕಪಾಟು ಸರಿಸುವಾಗ ಎಂದು ಅಲ್ಲಿಯ ಸಿಪಾಯಿಯೇ ನಗುತ್ತ ಹೇಳಿದ.

ಆಮೇಲೆ ಬರೆದ ಉತ್ತರದ ಕ್ರಮವನ್ನೇ ನಾವು ಈ ಲೇಖನದಲ್ಲಿ ಸಮರ್ಥಿಸಲು ಹೊರಟಿರುವುದು. ಮೊದಲ ಪರಿಚ್ಛೇದದಲ್ಲಿ ಕರಾರಿನ ಸುದ್ದಿಯೇ ಇಲ್ಲ. ತೇವ, ಬಾಗಿಲು, ಟೈಲು, ದೀಪ ಈ ನಾಲ್ಕನ್ನೂ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸುತ್ತಾನೆ; ಶೌಚಾಲಯದ ಕೆಲಸ ಇಂಥ ದಿನ ಶುರುವಾಗಿ ಹತ್ತು ದಿನ ನಡೆಯುತ್ತದೆ, ಅಷ್ಟು ದಿನ ಪಕ್ಕದ ಭಾಗದ ಶೌಚಾಲಯವನ್ನು ಬಳಸಬೇಕಾಗುತ್ತದೆ; ಟೈಲುಗಳು ನಾಲ್ಕಲ್ಲ, ಏಳು, ಎಲ್ಲವನ್ನೂ ಬದಲಿಸುತ್ತೇವೆ. ಅವರು ಕೇಳದಿದ್ದ ಮೂರು ಟೈಲುಗಳನ್ನು ನಾವಾಗಿಯೇ ಸೇರಿಸಿದ್ದು ಔದಾರ್ಯವಲ್ಲ, ಕರಾರಿನಂತೆ ಅವು ಅವರಿಗೆ ಸಲ್ಲಬೇಕಾದವೇ. ಆದರೆ ಕರಾರನ್ನು ನಾವು ಅವರ ಪರವಾಗಿಯೂ ಓದುತ್ತೇವೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದನ್ನು ಕಂಡವರಿಗೆ ಮುಂದಿನ 'ಇಲ್ಲ' ಎಂಬ ಮಾತು ನೆಪವಾಗಿ ಕೇಳಿಸುವುದಿಲ್ಲ.

ಎರಡನೆಯ ಪರಿಚ್ಛೇದದಲ್ಲಿ ತಿದ್ದುಪಡಿ. ಅದನ್ನು ಹೀಗೆ ಆರಂಭಿಸಿದೆವು: 'ನಮ್ಮ ಹಸ್ತಾಂತರದ ಪತ್ರದಲ್ಲಿ ಒಂದು ವರ್ಷದ ಹೊಣೆಯೆಂದು ಬರೆದಿದ್ದೆವು, ಅದರ ವ್ಯಾಪ್ತಿಯನ್ನೂ ದಿನಾಂಕವನ್ನೂ ಅಲ್ಲಿ ವಿವರಿಸಿರಲಿಲ್ಲ. ಗುತ್ತಿಗೆದಾರನೊಡನೆ ಆಗಿರುವ ಕರಾರಿನ ಆ ಪುಟವನ್ನು ಇದರೊಡನೆ ಇಟ್ಟಿದ್ದೇವೆ. ಅದರಂತೆ ಸಾಮಗ್ರಿಯ ಅಥವಾ ಕೆಲಸದ ಲೋಪದಿಂದಾದ ಹಾನಿಗೆ ಅವನು ಹೊಣೆ. ಬಳಕೆಯಿಂದ ಆಗುವ ಸವೆತ, ಆಕಸ್ಮಿಕವಾದ ಒಡಕು, ಹೊಸದಾಗಿ ಬೇಕಾದ ಕೆಲಸಗಳು ಅದರಲ್ಲಿ ಸೇರುವುದಿಲ್ಲ.' ಈ ವಾಕ್ಯಗಳಲ್ಲಿ 'ತಾವು' ಎಂಬ ಪದ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬಹುದು. ಮಾಡುವುದು, ಮಾಡದಿರುವುದು ಎಲ್ಲ ಕರಾರಿಗೆ, ಗುತ್ತಿಗೆದಾರನಿಗೆ, ನಮಗೆ ಸೇರಿದ್ದು. ಮರೆತದ್ದು ನಾವು. ಇದು ವಿನಯದ ನಟನೆಯಲ್ಲ. ನಿಜಕ್ಕೂ ಮರೆತವರು ನಾವೇ. ನಮ್ಮ ತಪ್ಪು ಇಲ್ಲದಿದ್ದ ಕಡೆ ಇಂಥ ಮಾತು ಬರೆಯುವುದನ್ನು ನಾವು ಒಪ್ಪುವುದಿಲ್ಲ. ಸುಳ್ಳು ಕ್ಷಮಾಪಣೆ ಕಡತದಲ್ಲಿ ಉಳಿದರೆ ನಾಳೆ ಅದೇ ಒಪ್ಪಿಗೆಯಾಗಿ ಎದುರು ನಿಲ್ಲುತ್ತದೆ.

ಇಂಗ್ಲಿಷ್ ಓದಿದವರ ಒಂದು ಅಧಿಕಪ್ರಸಂಗವನ್ನು ಓದುಗರು ಮನ್ನಿಸಬೇಕು. ಕಚೇರಿಯ ಪತ್ರಗಳಲ್ಲಿ ಜಗಳ ತರುವ ಪದಗಳು ಬೈಗುಳಗಳಲ್ಲ. 'ಮತ್ತೊಮ್ಮೆ', 'ಈಗಾಗಲೇ ತಿಳಿಸಿರುವಂತೆ', 'ಸ್ಪಷ್ಟಪಡಿಸಲಾಗಿದೆ' ಇಂಥ ಸಾಧು ಪದಗಳೇ. 'ಮತ್ತೊಮ್ಮೆ' ಎಂದರೆ ಹಿಂದೆ ಹೇಳಿದ್ದು ನಿಮ್ಮ ತಲೆಗೆ ಹೋಗಲಿಲ್ಲ ಎಂದು ಅರ್ಥ. ಇನ್ನೊಂದು ಕಡೆ, 'ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದಂತೆ' ಎಂಬ ವಕೀಲರ ಮಾತನ್ನು ಕೆಲವರು ರಕ್ಷಾಕವಚದಂತೆ ಎಲ್ಲ ಪತ್ರಗಳಿಗೂ ತೊಡಿಸುತ್ತಾರೆ. ವ್ಯಾಜ್ಯವೇ ಇಲ್ಲದ ಕಡೆ ಅದನ್ನು ಬರೆದರೆ ಓದುವವರು ವ್ಯಾಜ್ಯಕ್ಕೆ ಸಿದ್ಧರಾಗುತ್ತಾರೆ. ಅವರ ಮೇಜಿಗೂ ಒಬ್ಬ ವಕೀಲ ಬರುತ್ತಾನೆ.

ಮೂರನೆಯ ಪರಿಚ್ಛೇದದಲ್ಲಿ ಉಳಿದ ಐದಕ್ಕೂ ಒಂದೊಂದು ದಾರಿ. ಸಿಂಕು ಮತ್ತು ಗಾಜು ಕಟ್ಟಡದ ದಿನನಿತ್ಯದ ನಿರ್ವಹಣೆಗೆ ಸೇರುತ್ತವೆ; ಕೆಳ ಅಂತಸ್ತಿನ ದೂರು ಪುಸ್ತಕದಲ್ಲಿ ನಾವೇ ಬರೆಸಿದ್ದೇವೆ. ಗೋಡೆಯ ಬಣ್ಣ ಮುಂದಿನ ನಿಯತ ಬಣ್ಣದ ಸರದಿಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಸೂಚನಾಫಲಕ ಹಾಕಿಸಿಕೊಂಡರೆ ಟೇಪಿನ ಅಗತ್ಯ ಬೀಳದು. ಪ್ಲಗ್ ಪಾಯಿಂಟುಗಳು ಹೊಸ ಕೆಲಸ. ಅಂದಾಜು ಪಟ್ಟಿ ಜೊತೆಗಿದೆ, ಮಂಜೂರಾತಿ ಬಂದರೆ ಮಾಡಿಸುತ್ತೇವೆ. ಕಪಾಟುಗಳನ್ನು ಕ್ಲೈಂಟ್ ಕಚೇರಿ ನೇರವಾಗಿ ಕೊಂಡದ್ದು. ಬೀಗಕ್ಕೆ ಆ ಸರಬರಾಜುದಾರನನ್ನೇ ಕೇಳಬೇಕು. 'ವ್ಯಾಪ್ತಿಗೆ ಬರುವುದಿಲ್ಲ' ಎಂಬಲ್ಲಿಗೆ ವಾಕ್ಯ ನಿಂತರೆ ಒಡೆದ ಗಾಜು ಒಡೆದೇ ಇರುತ್ತದೆ, ಮಳೆ ಒಳಗೆ ಬರುತ್ತಲೇ ಇರುತ್ತದೆ. ಅದರೆದುರು ಕುಳಿತವರು ಕರಾರಿನ ತರ್ಕವನ್ನು ಮೆಚ್ಚಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ದಿನಾಂಕದ ಮಾತನ್ನು ಎಲ್ಲಕ್ಕಿಂತ ಬಿಗಿಯಾಗಿ ಬರೆದೆವು, ಏಕೆಂದರೆ ಅವರಿಗೆ ನಷ್ಟವಾಗುವುದು ಅಲ್ಲಿಯೇ. ಡಿಸೆಂಬರ್ 20ನ್ನು ನಂಬಿಕೊಂಡು ನವೆಂಬರಿನಲ್ಲಿ ಇನ್ನೊಂದು ಪಟ್ಟಿ ಕಳಿಸಿದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ 'ಅವಧಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ' ಎಂದು ನೇರವಾಗಿ ಬರೆದು, ಅಕ್ಟೋಬರ್ ಮೊದಲ ವಾರದಲ್ಲಿ ಎರಡೂ ಕಚೇರಿಯವರು ಸೇರಿ ಇಡೀ ಅಂತಸ್ತನ್ನು ಒಮ್ಮೆ ನೋಡೋಣವೆಂದು ಸೂಚಿಸಿದೆವು. 'ಬಹುಶಃ', 'ಸಾಧ್ಯವಾಗಲಾರದೇನೋ' ಎಂಬ ಮೆತ್ತನೆಯ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಮೃದುತ್ವ ಮನುಷ್ಯನ ವಿಷಯದಲ್ಲಿ ಇರಲಿ; ತಾರೀಖಿನ ವಿಷಯದಲ್ಲಿ ತೋರಿದರೆ ಅದು ದ್ರೋಹವಾಗುತ್ತದೆ.

ಇದಕ್ಕೆ ನಮ್ಮ ಸಹೋದ್ಯೋಗಿ ಎತ್ತಿದ ಆಕ್ಷೇಪ ಬೇರೆ ತೆರನಾದದ್ದು. ಇಷ್ಟೆಲ್ಲ ತಿಣುಕುವ ಬದಲು ಗುತ್ತಿಗೆದಾರನಿಗೆ ಒಂದು ಮಾತು ಹೇಳಿ ಗಾಜು, ಪ್ಲಗ್ಗು ಎಲ್ಲ ಮಾಡಿಸಿಬಿಡಬಾರದೇ, ಅವನ ಠೇವಣಿ ನಮ್ಮ ಕೈಯಲ್ಲಿದೆಯಲ್ಲ ಎಂದರು. ಕ್ಲೈಂಟ್‌ಗೆ ಖುಷಿ, ತಿದ್ದುವ ತಾಪತ್ರಯವೂ ಇಲ್ಲ. ಹೀಗೆ ನಡೆಯುವುದುಂಟು, ನಾವು ನೋಡಿದ್ದೇವೆ. ಗುತ್ತಿಗೆದಾರ ಒಮ್ಮೆ ಮಾಡಿಕೊಡುತ್ತಾನೆ. ಎರಡನೆಯ ಸಲ ತಾನು ಹೊಣೆಯಲ್ಲವೆಂದು ಬರೆದುಕೊಡುತ್ತಾನೆ, ಮತ್ತು ಆ ಸಿಟ್ಟಿನಲ್ಲಿ ಜಲನಿರೋಧಕದಂಥ ನಿಜವಾದ ಹೊಣೆಯನ್ನೂ ಎಳೆದಾಡುತ್ತಾನೆ. ಅವನ ಹಣವನ್ನು ಅವನ ಕರಾರಿನಲ್ಲಿಲ್ಲದ ಕೆಲಸಕ್ಕೆ ಒತ್ತೆಯಿಟ್ಟುಕೊಳ್ಳುವ ಅಧಿಕಾರ ನಮಗಿಲ್ಲ. ಮಧ್ಯಸ್ಥಿಕೆಗೆ ಹೋದರೆ ಗೆಲ್ಲುವುದು ಅವನೇ. ಕ್ಲೈಂಟ್‌ನ ತಪ್ಪು ತಿಳಿವಳಿಕೆಯಂತೂ ಒಂದು ಪುಕ್ಕಟೆ ಗಾಜಿನಿಂದ ಇನ್ನಷ್ಟು ಗಟ್ಟಿಯಾಗುತ್ತದೆ.

ಪತ್ರ ಕಳಿಸುವ ಮುನ್ನ ಆ ಅಧಿಕಾರಿಗೆ ಫೋನು ಮಾಡಿದೆವು. ಮರಾಠಿ ಬೆರೆತ ಹಿಂದಿಯಲ್ಲಿ ಮಾತು. "ಸಾಹೇಬ್, ನಿಮ್ಮ ಒಂಬತ್ತರಲ್ಲಿ ನಾಲ್ಕು ಗುತ್ತಿಗೆದಾರನಿಂದ ಆಗುತ್ತವೆ. ಉಳಿದ ಐದಕ್ಕೆ ದಾರಿ ಬೇರೆ ಇದೆ, ಬರೆದು ಕಳಿಸುತ್ತಿದ್ದೇವೆ. ಕಾಗದ ನೋಡಿ ಗಾಬರಿಯಾಗಬೇಡಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವರ್ಷದ ಗ್ಯಾರಂಟಿ ಇದೆ ಎಂದು ನಾನು ನಮ್ಮ ಮೇಡಂಗೆ ಹೇಳಿಬಿಟ್ಟಿದ್ದೇನಲ್ಲ" ಎಂದರು.

ಆಗ ತಿಳಿಯಿತು ತೊಡಕು ಎಲ್ಲಿತ್ತೆಂದು. ಅವರಿಗೆ ಬೇಕಾಗಿದ್ದು ಗಾಜಲ್ಲ, ಮೇಲಧಿಕಾರಿಯ ಎದುರು ತಮ್ಮ ಮಾತು ಹುಸಿಯಾಗದಂತೆ ಒಂದು ಆಸರೆ. "ಹಸ್ತಾಂತರದ ಪತ್ರದಲ್ಲಿ ನಾವು ಪೂರ್ತಿ ಬರೆಯಲಿಲ್ಲ ಎಂಬುದನ್ನು ಈ ಪತ್ರದಲ್ಲೇ ಹೇಳಿದ್ದೇವೆ. ಮೇಡಂಗೆ ಅದನ್ನೇ ತೋರಿಸಿ" ಎಂದೆವು. 'ಪ್ರತಿ' ಎಂಬ ಸಾಲನ್ನು ಪೂರ್ತಿಯಾಗಿ ತೆಗೆದುಹಾಕಿದ್ದೆವು. ಅವರ ಮೇಲಧಿಕಾರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಅವರ ಪಾಲಿಗೇ ಬಿಟ್ಟದ್ದು.

ಅಕ್ಟೋಬರ್ ಮೊದಲ ವಾರದ ತಪಾಸಣೆಗೆ ಅವರು ತಾವೇ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದರು. ಎರಡು ಕಂಬಸಾಲುಗಳು. ಒಂದರ ತಲೆಯಲ್ಲಿ 'ಲೋಪ', ಇನ್ನೊಂದರ ತಲೆಯಲ್ಲಿ 'ನಮ್ಮದು' ಎಂದು ಬರೆದಿದ್ದರು. ಮೊದಲನೆಯದರಲ್ಲಿ ಮೂರು ಅಂಶಗಳು; ಕಿರಿಯ ಎಂಜಿನಿಯರ್ ನೋಡಿ ಎರಡನ್ನು ಒಪ್ಪಿಕೊಂಡರು. ಮೂರನೆಯದರ ಬಗ್ಗೆ, ಮೆಟ್ಟಿಲ ಬಳಿಯ ಗೋಡೆಯಲ್ಲಿ ಕಾಣಿಸಿಕೊಂಡ ಕೂದಲೆಳೆಯ ಬಿರುಕಿನ ಬಗ್ಗೆ, ಇಬ್ಬರೂ ಕನ್ನಡಕ ಸರಿಪಡಿಸಿಕೊಂಡು ಕಾಲು ಗಂಟೆ ಚರ್ಚಿಸಿದರು. ನಾವು ಪಕ್ಕದಲ್ಲಿ ನಿಂತು ಸಿಪಾಯಿ ತಂದ ಚಹ ಕುಡಿದೆವು. ಈಗ ನಮ್ಮ ಕಚೇರಿಯಿಂದ ಹೊರಡುವ ಹಸ್ತಾಂತರದ ಪತ್ರಗಳಲ್ಲಿ ಅವಧಿ ಮುಗಿಯುವ ತಾರೀಖನ್ನು ದಪ್ಪ ಅಕ್ಷರದಲ್ಲಿ ಅಚ್ಚುಮಾಡಿ, ಕರಾರಿನ ಆ ಒಂದು ಪುಟವನ್ನೂ ಜೊತೆಗಿಡುತ್ತೇವೆ.